ಮಧ್ಯಾಹ್ನ ಓಡುವ ಅಮೀಬಾ

ರಮಾನಂದ ನಾಯ್ಕನಿಗೆ ತನ್ನ ಬಗ್ಗೆ ಹೆಮ್ಮೆಪಡಲು ಸ್ವಂತ ಕಾರಣಗಳು ಅಷ್ಟಾಗಿ ಇರಲಿಲ್ಲ. ಇದ್ದವೆಲ್ಲ ಅವನ ಸೋದರತ್ತೆ ಮಾದೇವಿ ಹುಟ್ಟಿಸಿದವು. ಹೊಳನಗದ್ದೆಯ ಆ ಮನೆಯ ಜಗಲಿಗೆ ಯಾರೇ ಬಂದು ಕೂತರೂ, ಎಲೆಯಡಿಕೆಯ ತಟ್ಟೆ ಮುಂದಿಟ್ಟು, ಅತ್ತೆ ಅವನ ಚರಿತ್ರೆ ಶುರುಮಾಡುತ್ತಿದ್ದಳು. "ನಮ್ಮ ಹುಡುಗ ಕುಮಟೆಲಿ ಮೆಟ್ರಿಕ್ ಮಾಡಿದ. ಧಾರವಾಡಕ್ಕೆ ಹೋದ. ಈಗ ಬಿ.ಎಸ್ಸಿ. ಮುಗೀತಾ ಬಂತು." ಇಷ್ಟೇ. ಧಾರವಾಡಕ್ಕೆ ಹೋದದ್ದಕ್ಕೂ ಮುಗಿಯುತ್ತಾ ಬಂದದ್ದಕ್ಕೂ ನಡುವೆ ಅವನು ಎರಡು ಸಲ ಫೇಲಾಗಿದ್ದ, ಒಂದು ವರ್ಷ ಪೂರ್ತಿ ಅದೇ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಅವನು ಒರಗಿದ ಜಾಗದಲ್ಲಿ ಕಂಬಕ್ಕೆ ಎಣ್ಣೆಯ ಕಲೆ ಇನ್ನೂ ಇತ್ತು. ಅತ್ತೆಯ ಚರಿತ್ರೆಯಲ್ಲಿ ಮಾತ್ರ ಆ ವರ್ಷ ಇರಲಿಲ್ಲ. ಕೇಳುತ್ತ ಕೇಳುತ್ತ ರಮಾನಂದನಿಗೂ ಅದು ಇರಲಿಲ್ಲವೇನೋ ಅನ್ನಿಸತೊಡಗಿತ್ತು. ಇಂಥ ವಿಷಯಗಳನ್ನು ನಂಬುವುದರಲ್ಲಿ ಅವನು ಬಲು ಚುರುಕು.

ಆ ಚರಿತ್ರೆಯನ್ನು ತೀರ ಗಮನವಿಟ್ಟು ಕೇಳಿದವನು ಹೊನ್ನಾವರದ ದುರ್ಗಪ್ಪ. ಬಂದರಿನ ಕಚೇರಿಯಲ್ಲಿ ಗುಮಾಸ್ತ, ಮಾತು ಕಡಿಮೆ, ಮಗಳು ಗಂಗಾ. ಗಂಗಾಳನ್ನು ರಮಾನಂದ ಒಂದು ಮದುವೆಯಲ್ಲಿ ನೋಡಿದ್ದ. ಅವಳು ಪಾಯಸ ಬಡಿಸುತ್ತ ಬಂದಾಗ ಇವನು ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಅಂದಿದ್ದ. ಯಾಕೆ ಹಾಗಂದೆ ಎಂದು ಅಂದಿನಿಂದ ಕೊರಗುತ್ತಿದ್ದ. ದುರ್ಗಪ್ಪ ಹೇಳಿದ್ದು ಒಂದೇ ಮಾತು. "ಹುಡುಗ ಪಾಸಾಗೂದು ಖಾತ್ರಿಯೋ ಅಂತ ನೋಡ್ಕಂಡು, ಮಳೆ ಹಿಡಿಯೂದ್ರೊಳಗೆ ಬರ್ತೆ." ಅಂದರೆ ಬಿ.ಎಸ್ಸಿ. ಇದ್ದರೆ ಗಂಗಾ. ಇಲ್ಲದಿದ್ದರೆ ಕುಮಟೆಯ ಪೇಟೆಯಲ್ಲಿ ಸೋದರಮಾವನ ಕತ್ತದ ಹಗ್ಗದ ಅಂಗಡಿ, ಮತ್ತು ಇನ್ನೊಂದು ಕಂಬ.

ಪಾಸಾಗುವುದು ಒಂದು ಪ್ರಾಜೆಕ್ಟಿನ ಮೇಲೆ ನಿಂತಿತ್ತು. ಜೀವಶಾಸ್ತ್ರದ ಪ್ರೊಫೆಸರ್ ಇಟಗಿಯವರು ಬೇಸಿಗೆ ರಜೆಗೆ ಕುಮಟೆಯ ತಂಗಿಯ ಮನೆಗೆ ಬರುವವರು. ಹಿಂದಿನ ವರ್ಷ ದೇಶ ಬಿಟ್ಟು ಹೊರಟ ಒಬ್ಬ ಇಂಗ್ಲಿಷ್ ಸಾಹೇಬನಿಂದ ಅವರು ಒಂದು ಸಣ್ಣ ಸಿನಿಮಾ ಕ್ಯಾಮೆರಾ ಪಡೆದುಕೊಂಡಿದ್ದರು. ಕೀಲಿ ಕೊಟ್ಟರೆ ಓಡುವಂಥದ್ದು, ಬೇಕೆಂದರೆ ಗುಂಡಿ ಒತ್ತಿದಾಗಲೆಲ್ಲ ಒಂದೊಂದೇ ಚಿತ್ರ ತೆಗೆಯುವಂಥದ್ದು. ಅದನ್ನು ಸೂಕ್ಷ್ಮದರ್ಶಕದ ಮೇಲೆ ಒಂದು ಮರದ ಚೌಕಟ್ಟಿನಲ್ಲಿ ಕೂರಿಸಿದ್ದರು. ಪಕ್ಕದಲ್ಲಿ ಇನ್ನೊಂದು ಕೊಳವೆ ಇತ್ತು. ಕ್ಯಾಮೆರಾ ಕಾಣುವುದನ್ನೇ ಅದರಲ್ಲಿ ಕಣ್ಣಿಟ್ಟು ನಾವೂ ಕಾಣಬಹುದು.

"ನೋಡೋ ನಾಯ್ಕ," ಇಟಗಿಯವರು ಹೇಳಿದ್ದರು, "ಅಮೀಬಾ ಭಾಳ ನಿಧಾನ ಹರೀತದ. ಕಣ್ಣಿಗೆ ಅದರ ನಡಿಗಿ ಹತ್ತೂದಿಲ್ಲ. ಹತ್ತು ಸೆಕೆಂಡಿಗೊಂದು ಚಿತ್ರ ತಗೀ. ಆಮೇಲೆ ಒಂದರ ಹಿಂದೊಂದು ಓಡಿಸಿದಿ ಅಂದ್ರ, ತಾಸಿನ ದಾರಿ ನಿಮಿಷದಾಗ ಕಾಣತದ. ಅದು ಎಲ್ಲಿಂದ ಎಲ್ಲಿಗೆ ಹೋತು, ಎಷ್ಟು ಜೋರು ಹೋತು, ಗುರುತು ಹಾಕಿ ಲೆಕ್ಕಾ ಕೊಡು. ಇದು ನಿನಗ ಕಡೀ ದೋಣಿ. ಇದನ್ನೂ ತಪ್ಪಿಸಿಕೊಂಡ್ರ ಈಜಬೇಕು."

ರಮಾನಂದನಿಗೆ ಈಜು ಬರುತ್ತಿರಲಿಲ್ಲ. ಕಡಲ ಕರೆಯಲ್ಲಿ ಹುಟ್ಟಿ ಈಜು ಬಾರದವನು ಎಂಬುದು ಅವನ ಇನ್ನೊಂದು ಸಾಧನೆ.

ಹೊಳನಗದ್ದೆಯ ಮನೆಯ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ ಪ್ರಯೋಗಶಾಲೆ ಎದ್ದಿತು. ಬೆಳಕಿಗೆ ಗ್ಯಾಸ್‌ಲೈಟು, ಅದರ ಕಾವು ಅಮೀಬಾಕ್ಕೆ ತಾಗದಿರಲೆಂದು ಮುಂದೆ ನೀರು ತುಂಬಿದ ಒಂದು ಗಾಜಿನ ಬುಡ್ಡಿ. ಗದ್ದೆಯಂಚಿನ ಕೆರೆಯ ತಳದಿಂದ ಕೊಳೆತ ಎಲೆ ತಂದು, ಬೋಗುಣಿಯಲ್ಲಿಟ್ಟು, ಅದರ ಕೆಸರಿನಲ್ಲಿ ಅಮೀಬಾ ಹುಡುಕಿದ್ದಾಯಿತು. ದಿನಾ ಬೆಳಿಗ್ಗೆ ಒಂದು ಹನಿ ನೀರಿನಲ್ಲಿ ಹೊಸ ಅಮೀಬಾ, ಮೇಲೊಂದು ತೆಳು ಗಾಜು, ಹನಿ ಆರಿಹೋಗದಂತೆ ಅಂಚಿಗೆ ವ್ಯಾಸಲೀನ್. ಗಾಜಿಗೆ ಅಂಟಿದ ಒಂದು ಮರಳಿನ ಕಣವೂ ಚಿತ್ರದಲ್ಲಿ ಬರುವಂತೆ ನೋಡಿಕೊಳ್ಳಬೇಕು. ಮೇಜು ಅಲುಗಿ ಗಾಜೇ ಸರಿದರೆ ಅಮೀಬಾ ನಡೆಯಿತೆಂದು ಮೋಸಹೋಗಬಾರದಲ್ಲ. ಅಲ್ಲಾಡದ ಕಣದಿಂದ ಅಮೀಬಾ ಎಷ್ಟು ದೂರ ಹೋಯಿತು ಎಂಬುದೇ ನಿಜವಾದ ನಡಿಗೆ. ಇದೆಲ್ಲವನ್ನೂ ರಮಾನಂದ ಶ್ರದ್ಧೆಯಿಂದ ಮಾಡಿದ. ಮೋಸಹೋಗದಿರಲು ಇಷ್ಟೊಂದು ಜಾಗ್ರತೆ ಮಾಡಿದವನು ಮೋಸಹೋದದ್ದು ಎಲ್ಲಿ ಎಂಬುದೇ ಕಥೆ.

ಬೆಳಗಿನ ಪಾಳಿ ಅವನದು. ಟೈಂಪೀಸಿನ ಸೆಕೆಂಡಿನ ಮುಳ್ಳು ಎರಡು ಅಂಕಿ ದಾಟಿತೋ, ಟಕ್ ಎಂದು ಗುಂಡಿ. ಮತ್ತೆರಡು ಅಂಕಿ, ಮತ್ತೆ ಟಕ್. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು ಹೊಟ್ಟೆಗಿಳಿದ ಮೇಲೆ ವಿಜ್ಞಾನ ಮುಂದುವರಿಯುವುದು ಅಸಾಧ್ಯ ಎಂದು ಮೊದಲ ದಿನವೇ ಅವನಿಗೆ ಗೊತ್ತಾಯಿತು. ಅವನಿಗೆ ಹಗಲುನಿದ್ದೆ ಎಂದರೆ ಹಿರಿಯರ ಆಸ್ತಿ ಇದ್ದ ಹಾಗೆ, ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ. ಹಾಗಾಗಿ ಮಧ್ಯಾಹ್ನದ ಪಾಳಿಯನ್ನು ಅತ್ತೆಗೆ ಒಪ್ಪಿಸಿದ.

"ಅತ್ತೆ, ಇದು ಅಮೀಬಾ. ಒಂದೇ ಕೋಶದ ಜೀವಿ. ಕೈಯಿಲ್ಲ, ಕಾಲಿಲ್ಲ. ಮೈಯನ್ನೇ ಒಂದು ಬದಿಗೆ ಚಾಚ್ತದೆ, ಆಮೇಲೆ ಆ ಚಾಚಿದ್ದರೊಳಗೆ ತಾನೇ ಹರಿದುಹೋಗ್ತದೆ."

ಅತ್ತೆ ಪಕ್ಕದ ಕೊಳವೆಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು. "ಬಾಯಿ?"

"ಬಾಯೂ ಇಲ್ಲ."

"ಪುಣ್ಯಾತ್ಮ," ಅಂದಳು ಅತ್ತೆ. "ಆತು, ನಾ ಎಂತ ಮಾಡ್ಲಿ?"

ಆಗ ರಮಾನಂದ ಗುಂಡಿ ತೋರಿಸಿದ, ಮುಳ್ಳು ತೋರಿಸಿದ. ಇಷ್ಟಕ್ಕೇ ಬಾಯಿ ಮುಚ್ಚಿದ್ದರೆ ಗಂಡಾಂತರವಿರಲಿಲ್ಲ. ಆದರೆ ತಿಳಿದವನು ಎಂದಮೇಲೆ ಎರಡು ಮಾತು ಜಾಸ್ತಿ ಆಡಬೇಕಲ್ಲ. ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, ಪ್ರೊಫೆಸರರ ಗತ್ತಿನಲ್ಲಿ, "ಫಿಲ್ಮು ಮುಂಬಯಿಂದ ಬರೂದು ಅತ್ತೆ, ಈಗ ಎಲ್ಲೂ ಸಿಗೂದಿಲ್ಲ. ಒಂದು ಚಿತ್ರನೂ ದಂಡ ಆಗ್ಬಾರ್ದು" ಎಂದ. ಎಂದವನು ಹೋಗಿ ಮಲಗಿದ.

ಕೆಲವು ದಿನ ಹೀಗೆ ನಡೆಯಿತು. ಪಾಳಿ ಬದಲಾಗುವಾಗ ಬೆಳಕಿಗೆ ಅಂಗೈ ಅಡ್ಡ ಹಿಡಿದು ಕೆಲವು ಕಪ್ಪು ಚಿತ್ರ ತೆಗೆಯುತ್ತಿದ್ದುದರಿಂದ ಯಾವುದು ಬೆಳಗಿನದು, ಯಾವುದು ಮಧ್ಯಾಹ್ನದ್ದು ಎಂಬ ಗೊಂದಲವಿರಲಿಲ್ಲ. ಸುರುಳಿ ಮುಗಿಯಬೇಕಾದ ದಿನ ಮುಗಿಯಲಿಲ್ಲ; ಇನ್ನೂ ಎರಡು ದಿನ ಹೆಚ್ಚಿಗೆ ಬಂತು. ರಮಾನಂದ ಬೆರಳು ಮಡಚಿ ಲೆಕ್ಕಹಾಕಿ ನೋಡಿದ, ತಾಳೆಯಾಗಲಿಲ್ಲ. ತನ್ನ ಲೆಕ್ಕ ಯಾವತ್ತು ತಾಳೆಯಾಗಿತ್ತು ಎಂದುಕೊಂಡು ಸುಮ್ಮನಾದ. ಗಣಿತದಲ್ಲಿ ಫೇಲಾದವನಿಗೆ ಇದೊಂದು ಅನುಕೂಲ, ಲೆಕ್ಕ ತಪ್ಪಿದರೆ ಬೇರೆ ಯಾರನ್ನೂ ಸಂಶಯಿಸಬೇಕಾಗಿಲ್ಲ.

ಫಿಲ್ಮು ಮುಂಬಯಿಗೆ ಹೋಗಿ ತೊಳೆಸಿಕೊಂಡು ಬಂತು. ಇಟಗಿಯವರ ತಂಗಿಯ ಮನೆಯ ಅಟ್ಟದಲ್ಲಿ, ಬಿಲ್ಲೆ ಕೂರಿಸಿ ಗೋಡೆಗೆ ಚಿತ್ರ ಬೀಳಿಸುವ ಒಂದು ಲಾಂದ್ರದ ಮುಂದೆ ಅದನ್ನು ಒಂದೊಂದೇ ಚಿತ್ರವಾಗಿ ಸರಿಸುತ್ತ, ಗೋಡೆಗಂಟಿಸಿದ ಕಾಗದದ ಮೇಲೆ ಗುರುತು ಹಾಕುವುದು ಮುಂದಿನ ಕೆಲಸ. ಕಾಗದದಲ್ಲಿ ಬರೆದಿಟ್ಟ ಒಂದು ಕತ್ತರಿ ಗುರುತಿಗೆ ಮೊದಲು ಮರಳಿನ ಕಣವನ್ನು ಕೂಡಿಸಬೇಕು, ಆಮೇಲೆ ಅಮೀಬಾದ ಮೈಯ ನಟ್ಟನಡುವೆ ಪೆನ್ಸಿಲಿನ ಚುಕ್ಕೆ. ಮುಂದಿನ ಚಿತ್ರ, ಮತ್ತೆ ಕಣ, ಮತ್ತೆ ಚುಕ್ಕೆ. ಕೊನೆಗೆ ಚುಕ್ಕೆಗಳನ್ನು ಗೆರೆಯಿಂದ ಕೂಡಿಸಿದರೆ ಅದೇ ಅಮೀಬಾ ನಡೆದ ದಾರಿ. ಗೆರೆಯ ಉದ್ದವನ್ನು ಹೊತ್ತಿನಿಂದ ಭಾಗಿಸಿದರೆ ವೇಗ.

ಬೆಳಗಿನ ಅಮೀಬಾಗಳ ಚುಕ್ಕೆಗಳು ಒಂದರ ಮೇಲೊಂದು ಗುಂಪುಗೂಡಿ, ನೊಣ ಕೂತ ಹಲಸಿನ ತೊಳೆಯಂತಿದ್ದವು. ಸ್ವಲ್ಪ ಹೋಗಿ ನಿಲ್ಲುವುದು, ಇದ್ದಲ್ಲೇ ಉಂಡೆಯಾಗಿ ಬಿದ್ದುಕೊಳ್ಳುವುದು, ಮತ್ತೆ ಒಂದು ಬದಿಗೆ ಮೈ ಚಾಚಿ ಬೇಡವೆಂದು ಹಿಂತೆಗೆಯುವುದು. ಮಧ್ಯಾಹ್ನದವು ಹಾಗಲ್ಲ. ಚುಕ್ಕೆಗಳು ದೂರದೂರಕ್ಕೆ ಬಿದ್ದು, ಗೆರೆ ಕಾಗದದ ಈ ಅಂಚಿನಿಂದ ಆ ಅಂಚಿಗೆ ಓಡಿತ್ತು. ಒಂದು ದಿನವಲ್ಲ, ಪ್ರತಿ ದಿನ. ಬೆಳಿಗ್ಗೆ ಸೋಮಾರಿ, ಮಧ್ಯಾಹ್ನ ಕುದುರೆ. ಎಲ್ಲೂ ಒಂದು ಗಳಿಗೆ ನಿಂತದ್ದಿಲ್ಲ.

ರಮಾನಂದನ ಕಿವಿ ಬಿಸಿಯಾಯಿತು. ಇಡೀ ಕರಾವಳಿ ಉಂಡು ಮಲಗುವ ಹೊತ್ತಿಗೆ ಕುಮಟೆಯ ಅಮೀಬಾ ಎದ್ದು ಓಡುತ್ತದೆ. ಇದನ್ನು ಯಾರೂ ಕಂಡಿರಲಾರರು, ಯಾಕೆಂದರೆ ಕಾಣಬೇಕಾದವರೆಲ್ಲ ಮಲಗಿರುತ್ತಾರೆ. ಅವನು ತಾನೂ ಮಲಗಿದ್ದೆ ಎಂಬುದನ್ನು ಆ ಸಂಭ್ರಮದಲ್ಲಿ ಮರೆತ.

ಇಟಗಿಯವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಸೆಕಿ ಏರಿದ್ರ ಅಮೀಬಾ ಚುರುಕಾಗತದ, ಅದು ಖರೇನ. ಆದ್ರ ಇಷ್ಟ?" ಎಂದು ಸ್ವಲ್ಪ ಹೊತ್ತು ಮೀಸೆ ತಿಕ್ಕಿದರು. "ಛಲೋ ಅದ ನಾಯ್ಕ. ಎರಡು ವರ್ಷದಾಗ ಮೊದಲನೇ ಸಲ ನಿನ್ನಿಂದ ಏನೋ ಒಂದು ಬಂತು ನೋಡು." ಅಷ್ಟು ಸಾಕಾಯಿತು. ಮಾವನ ಅಂಗಡಿಯಿಂದ ಸುದ್ದಿ ಪೇಟೆಗೆ, ಪೇಟೆಯಿಂದ ಬಸ್ಸಿನವರ ಬಾಯಿಗೆ ಹೋಗಿ, ಮಾರನೆಯ ದಿನಕ್ಕೆಲ್ಲ ಹೊನ್ನಾವರ ಮುಟ್ಟಿತು.

ಇಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು ಅನ್ನುವ ಜಾತಿ ರಮಾನಂದನದು. ಕುಮಟೆಯಲ್ಲಿ ಆಗ ಒಂದು ಟೂರಿಂಗ್ ಟಾಕೀಸಿನ ಡೇರೆ ಇತ್ತು. ಅದರ ಎಂಜಿನ್ನಿನಿಂದ ಕರೆಂಟು ತೆಗೆದುಕೊಂಡರೆ ಪ್ರೊಫೆಸರರ ಸಣ್ಣ ಪ್ರೊಜೆಕ್ಟರ್ ಓಡೀತು. ಕಾಗದದ ಮೇಲೆ ಚುಕ್ಕೆಯಾಗಿ ಕಂಡ ಅಮೀಬಾವನ್ನು ಪರದೆಯ ಮೇಲೆ ಓಡುತ್ತ ನೋಡಬಾರದೇ ಎಂದು ಅವನು ಇಟಗಿಯವರ ಬೆನ್ನುಬಿದ್ದ. ಡೇರೆಯ ಮಾಲೀಕ ಸುಬ್ಬ ರಮಾನಂದನ ಸಹಪಾಠಿ. ಸಂಜೆಯ ಆಟಕ್ಕೆ ಮುಂಚೆ ಸ್ವಲ್ಪ ಹೊತ್ತು ಬಿಟ್ಟುಕೊಡಲು ಒಪ್ಪಿದ. ಮುಂಚಿತವಾಗಿ ಬಂದು ನೆಲಕ್ಕೆ ಹಾಸಿದ ಹೊಯ್ಗೆಯ ಮೇಲೆ ಜಾಗ ಹಿಡಿದಿದ್ದ ಜನ ಪುಕ್ಕಟೆ ಸಿಕ್ಕಿದ ಈ ಆಟಕ್ಕೆ ಖುಷಿಯಿಂದಲೇ ಕಣ್ಣು ಬಿಟ್ಟರು.

ಪರದೆಯ ಮೇಲೆ ಅಮೀಬಾ ಬಂತು. ಕಾಡೆಮ್ಮೆಯಷ್ಟು ದೊಡ್ಡದು. ಬೆಳಗಿನ ಪಾಳಿ. ಒಂದಿಷ್ಟು ಹರಿಯಿತು, ಮುದುಡಿ ಕೂತಿತು.

"ಇದು ಎಂತಾ ಮಾರಾಯಾ?" ಯಾರೋ ಕೇಳಿದರು.

"ಮಜ್ಜಿಗೆ ಚೆಲ್ಲಿದ್ದು," ಇನ್ನಾರೋ ಉತ್ತರ ಕೊಟ್ಟರು.

"ಹಾಡು ಇಲ್ವಾ ಇದರಲ್ಲಿ?"

ರಮಾನಂದ ಪರದೆಯ ಪಕ್ಕದಲ್ಲಿ ಎದೆ ಉಬ್ಬಿಸಿ ನಿಂತಿದ್ದ. ಈಗ ನೋಡಿ ಎಂದು ಮನಸ್ಸಿನಲ್ಲೇ ಅಂದುಕೊಂಡ. ಕಪ್ಪು ಚಿತ್ರಗಳು ಹಾದುಹೋದವು. ಮಧ್ಯಾಹ್ನದ ಪಾಳಿ. ಅಮೀಬಾ ಎದ್ದು ಓಡತೊಡಗಿತು, ಜನ ಹೋ ಎಂದರು. ಅವನೂ ನಗುತ್ತಲೇ ನೋಡಿದ, ನೋಡುತ್ತ ನೋಡುತ್ತ ನಗು ಅಲ್ಲಿಯೇ ಒಣಗಿತು.

ಅಮೀಬಾದ ಮೈಯೊಳಗೆ ಒಂದು ನೀರಿನ ಗುಳ್ಳೆ ಇರುತ್ತದೆ. ಒಳಕ್ಕೆ ಇಳಿಯುವ ನೀರನ್ನೆಲ್ಲ ಅದು ಕೂಡಿಹಾಕಿಕೊಂಡು ಮೆಲ್ಲಗೆ ದುಂಡಗಾಗುತ್ತ ಬರುತ್ತದೆ; ತುಂಬಿದ್ದೇ ಹೊರಕ್ಕೆ ಚೆಲ್ಲಿ ಮಾಯವಾಗುತ್ತದೆ; ಮತ್ತೆ ಸಣ್ಣದಾಗಿ ಹುಟ್ಟುತ್ತದೆ. ಅಮೀಬಾ ನಡೆಯಲಿ, ಕೂರಲಿ, ಆ ಕೆಲಸ ನಿಲ್ಲುವುದಿಲ್ಲ. ಅಟ್ಟದಲ್ಲಿ ಗುರುತು ಹಾಕುವಾಗ ರಮಾನಂದ ಮೈಯ ನಡುವನ್ನು ಮಾತ್ರ ನೋಡಿದ್ದ, ಗುಳ್ಳೆಯತ್ತ ಕಣ್ಣೆತ್ತಿರಲಿಲ್ಲ. ಈಗ ಫಿಲ್ಮು ಓಡುವಾಗ ಅದು ತಾನಾಗಿ ಕಣ್ಣಿಗೆ ಬಿತ್ತು. ಬೆಳಗಿನ ಪಾಳಿಯಲ್ಲಿ ಗುಳ್ಳೆ ಹದವಾಗಿ, ಉಸಿರಾಡಿದಂತೆ ಉಬ್ಬಿ, ಇಳಿದು, ಉಬ್ಬುತ್ತಿತ್ತು. ಮಧ್ಯಾಹ್ನದ್ದರಲ್ಲಿ ಒಂದು ಚಿತ್ರದಲ್ಲಿ ಕಡಲೆಕಾಳು, ಮರುಚಿತ್ರದಲ್ಲೇ ಇಲ್ಲ, ಅದರ ಮರುಚಿತ್ರದಲ್ಲಿ ತುಂಬಿದ ಕೊಡ. ಸೆಕೆಗೆ ಚುರುಕಾಗಿದ್ದರೆ ಎಲ್ಲವೂ ಒಂದೇ ಸಮ ಚುರುಕಾಗಬೇಕಿತ್ತು. ಹೀಗೆ ಎಗರಾಡುವುದೆಂದರೆ ನಡುವಿನ ಚಿತ್ರಗಳೇ ಇಲ್ಲ. ಹತ್ತು ಸೆಕೆಂಡು ಎಂದು ಅವನು ಲೆಕ್ಕ ಹಿಡಿದಲ್ಲಿ ಎಷ್ಟೋ ನಿಮಿಷಗಳು ಸದ್ದಿಲ್ಲದೆ ಹಾದುಹೋಗಿದ್ದವು.

ಇಟಗಿಯವರು ಪ್ರೊಜೆಕ್ಟರಿನ ಚಕ್ರಕ್ಕೆ ಫಿಲ್ಮು ಸಿಕ್ಕಿಕೊಳ್ಳದಂತೆ ಕಾಯುವುದರಲ್ಲಿ ಮುಳುಗಿದ್ದರು, ಪರದೆ ನೋಡಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಸುಬ್ಬ ಬಂದು ಬೆನ್ನು ತಟ್ಟಿದ. ಆ ಡೇರೆಯಲ್ಲಿ ಸಂಗತಿ ಗೊತ್ತಿದ್ದವನು ರಮಾನಂದನೊಬ್ಬನೇ. ತೀರ ಅಪರೂಪಕ್ಕೆ ಒಂದು ವಿಷಯ ಎಲ್ಲರಿಗಿಂತ ಮೊದಲು ಅವನಿಗೆ ತಿಳಿದಿತ್ತು, ಅದೂ ಇಂಥದ್ದು.

ಮನೆಗೆ ಬಂದವನೇ ಅತ್ತೆಯ ಮುಂದೆ ನಿಂತ. ಅವಳು ಬಾಳೆಕಾಯಿ ಹೆಚ್ಚುತ್ತಿದ್ದಳು.

"ಅತ್ತೆ, ಮುಳ್ಳು ಎರಡು ಅಂಕಿ ದಾಟಿದಾಗೆಲ್ಲ ಒತ್ತಿದೆಯಾ?"

"ಒತ್ತಿದೆ."

"ಪ್ರತಿ ಸಲ?"

"ಅದು ಹೋಗ್ತಾ ಇದ್ದಾಗ ಒತ್ತಿದೆ. ಸುಮ್ನೆ ಕೂತಾಗ ಎಂತಕೆ ಒತ್ತೂದು? ಒಂದು ಚಿತ್ರನೂ ದಂಡ ಆಗ್ಬಾರ್ದು ಅಂದಿದ್ದೆ ನೀನು." ಅವಳು ಕತ್ತಿಮಣೆಯಿಂದ ತಲೆ ಎತ್ತಿದಳು. "ನಾ ಎಷ್ಟು ಫಿಲ್ಮು ಉಳಿಸಿದೆ ಗೊತ್ತದೆಯಾ? ಕೆಲವೊಂದು ಮಧ್ಯಾಹ್ನ ಅದು ಚಾ ಹೊತ್ತಿನ ತನಕ ಅಳ್ಳಾಡ್ಲೇ ಇಲ್ಲ. ನಾನೂ ಕಾದೆ. ಫೋಟೋದವನೂ ಹಂಗೇ ಅಲ್ವಾ, ಎಲ್ಲರೂ ಸಮಾ ನಿಂತ ಮೇಲೇ ಒತ್ತೂದು?"

ಅವಳ ಮುಖದಲ್ಲಿ ಒಂದು ಸಣ್ಣ ಹೆಮ್ಮೆ ಇತ್ತು. ಅದನ್ನು ನೋಡಿ ರಮಾನಂದನಿಗೆ ಬೈಯಲು ಬಾಯಿ ಬರಲಿಲ್ಲ. ಬೈಯುವುದಾದರೂ ಯಾರನ್ನು? ಯಾವಾಗ ಒತ್ತಬೇಕು ಎಂದು ಅವನು ಹೇಳಿದ್ದ; ಏನೂ ಆಗದಿದ್ದಾಗಲೂ ಯಾಕೆ ಒತ್ತಬೇಕು ಎಂದು ಹೇಳಿರಲಿಲ್ಲ. ಆ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಕೇಳಿದ್ದರೆ ಬಹುಶಃ ಅವನೂ ಬಿಟ್ಟೇ ಬರುತ್ತಿದ್ದ. ಮಾಡಿದ್ದುಣ್ಣೋ ಮಹರಾಯ ಎಂದು ತನಗೇ ಹೇಳಿಕೊಂಡು ಅವನು ಜಗಲಿಗೆ ಹೋಗಿ, ಹಳೆಯ ಕಂಬಕ್ಕೆ ಒರಗಿದ.

ಅಲ್ಲಿ ಕೂತಾಗ ಒಂದು ವಿಷಯ ಅವನಿಗೆ ಕುಟುಕಿತು. ಅತ್ತೆ ಅಮೀಬಾಕ್ಕೆ ಮಾಡಿದ್ದನ್ನೇ ಇಷ್ಟು ವರ್ಷ ಅವನಿಗೂ ಮಾಡಿದ್ದಳು. ಮೆಟ್ರಿಕ್, ಟಕ್. ಧಾರವಾಡ, ಟಕ್. ಬಿ.ಎಸ್ಸಿ., ಟಕ್. ಪ್ರೀತಿಯಿಂದಲೇ ಮಾಡಿದ್ದಳು. ಆ ಫಿಲ್ಮು ನೋಡಿಯೇ ದುರ್ಗಪ್ಪ ಮಗಳನ್ನು ಕೊಡುವ ಮಾತಾಡಿದ್ದ.

ಸುಮ್ಮನಿದ್ದುಬಿಟ್ಟರೆ? ಇಟಗಿಯವರು ಒಪ್ಪಿಯಾಗಿದೆ. ಪಾಸು. ಗಂಗಾ. ಗುಳ್ಳೆಯನ್ನು ನೋಡಿದವರು ಯಾರೂ ಇಲ್ಲ. ರಮಾನಂದ ಇದನ್ನು ಬಹಳ ಹೊತ್ತು ಯೋಚಿಸಿದ. ತಾನು ಧರ್ಮರಾಯನೆಂದು ಅವನಿಗೆ ಭ್ರಮೆ ಇರಲಿಲ್ಲ. ಆದರೆ ಮದುವೆಯಾಗಿ, ಮುಂದೆ ಯಾವತ್ತೋ ಗಂಗಾ ಪಾಯಸ ಬಡಿಸುತ್ತ, ಆ ಓಡುವ ಅಮೀಬಾದ ಕಥೆ ಹೇಳಿ ಎಂದರೆ? ಆಗಲೂ ಅವನು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕಾದೀತು.

ಬೆಳಿಗ್ಗೆ ಕುಮಟೆಗೆ ಹೋಗಿ ಇಟಗಿಯವರಿಗೆ ಎಲ್ಲವನ್ನೂ ಹೇಳಿದ. ಅವರು ನಗಲಿಲ್ಲ. ಫಿಲ್ಮನ್ನು ತರಿಸಿ, ಭೂತಗಾಜು ಹಿಡಿದು ಗುಳ್ಳೆಯನ್ನು ಚಿತ್ರದಿಂದ ಚಿತ್ರಕ್ಕೆ ನೋಡಿದರು. ನೋಡಿದಷ್ಟೂ ಮುಖ ಕೆಂಪೇರಿತು.

"ಗುಳ್ಳಿ ಎಣಿಸಿ, ನಡುವ ಎಷ್ಟು ಹೊತ್ತು ಹೋಗೇದ ಅಂತ ತಗೀಲಿಕ್ಕೆ ಬರತದೇನು ಸರ್?" ರಮಾನಂದ ಅವರ ಭಾಷೆಯಲ್ಲೇ ಹಿಂಜರಿಯುತ್ತ ಕೇಳಿದ.

"ಬರೂದಿಲ್ಲ. ನಡುವ ಎಷ್ಟು ಸಲ ತುಂಬಿ ಒಡೀತು ಅಂತ ಯಾಂವ ಎಣಿಸ್ಯಾನ? ಇದು ಹೋತು." ಅವರು ಫಿಲ್ಮನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. "ನಂದೂ ತಪ್ಪದ. ಎಲ್ಲೂ ನಿಲ್ಲದ ಅಮೀಬಾ ಜಗತ್ತಿನ್ಯಾಗ ಎಲ್ಲ್ಯದ ಅಂತ ನಾನರ ಕೇಳಬೇಕಿತ್ತು. ಸುಮ್ನ ಕೂಡೂದು ಸುದ್ಧಾ ಅದರ ನಡಿಗಿನ ನಾಯ್ಕ. ಅದನ್ನ ಬಿಟ್ಟು ಲೆಕ್ಕಾ ಮಾಡಿದ್ರ ಎಲ್ಲಾರೂ ಕುದುರಿನ." ಎದ್ದು ಹೋಗಿ ಒಳಗಿನಿಂದ ಇನ್ನೊಂದು ಡಬ್ಬಿ ತಂದರು. "ಅರ್ಧಾ ಸುರಳಿ ಉಳದದ. ಇದು ಮುಗೀತಂದ್ರ ಮುಗೀತು. ಏನು ಬರತದೋ ಅದನ್ನ ಬರಿ. ಪಾಸಾಗೂದು ಬಿಡೂದು ಆಮೇಲೆ ನೋಡೂಣಂತ."

ಅತ್ತೆಗೆ ಈ ಸಲ ಅವನು ಕೂತು, ನಿಧಾನವಾಗಿ, ಎಲ್ಲ ಹೇಳಿದ. ಅದು ಕೂತಾಗಲೂ ಹೊತ್ತು ಹೋಗುತ್ತಿರುತ್ತದೆ, ಆ ಹೊತ್ತನ್ನು ಬಿಟ್ಟರೆ ಅದು ಓಡಿದ ಹಾಗೆ ಕಾಣುತ್ತದೆ, ಅದು ಸುಳ್ಳು. ಅತ್ತೆ ಕೇಳಿ ಕತ್ತಿಮಣೆ ಬದಿಗೆ ಸರಿಸಿದಳು. ಆಮೇಲೆ, "ಹಂಗಾದ್ರೆ ನಾನೇ ನಿನ್ನ ಹಾಳು ಮಾಡಿದೆ ಅಂತಾತು," ಅಂದಳು.

"ನೀ ಅಲ್ಲ ಅತ್ತೆ, ನಾ."

"ಇಬ್ಬರೂ ಅನ್ನು," ಅಂದು ಅವಳು ಸೆರಗು ಸಿಕ್ಕಿಸಿ ಟೈಂಪೀಸಿಗೆ ಕೀಲಿ ಕೊಟ್ಟಳು.

ಮಾರನೆಯ ದಿನದ ಅಮೀಬಾ ಹೋಗಿ ಹೋಗಿ ಮಹಾ ಸೋಮಾರಿ. ಬೆಳಿಗ್ಗೆ ಒಂದು ಬೆರಳು ಚಾಚಿತು, ಏನನ್ನೋ ನೆನೆದು ಹಿಂತೆಗೆಯಿತು, ಉಂಡೆಯಾಯಿತು. ಉಳಿದ ಫಿಲ್ಮೆಲ್ಲ ಅದರ ನಿದ್ದೆಗೇ ಹೋಗುವ ಹಾಗಿತ್ತು. ಊಟದ ಮೇಲೆ ಅತ್ತೆ ಪಾಳಿ ಹಿಡಿದಳು. ರಮಾನಂದ ಮಲಗಲಿಲ್ಲ, ಪಕ್ಕದಲ್ಲೇ ನೆಲದ ಮೇಲೆ ಕೂತ. ಆಗ ಅಂಗಳದಲ್ಲಿ ಕೊಡೆ ಮಡಚಿದ ಸದ್ದಾಯಿತು. ದುರ್ಗಪ್ಪ ಬಂದಿದ್ದ.

"ಹುಡುಗ ಎಂತದೋ ಹೊಸದು ಕಂಡುಹಿಡ್ದ ಅಂತ ಬಸ್ಸಲ್ಲಿ ಕೇಳ್ದೆ," ಎನ್ನುತ್ತಲೇ ಅವನು ಒಳಗೆ ಬಂದು ಕೋಣೆಯ ಬೆಂಚಿನ ಮೇಲೆ ಕೂತ. ಅವನ ಮುಖದಲ್ಲಿ ಅಪರೂಪಕ್ಕೆ ಒಂದು ನಗು ಇತ್ತು.

ಅತ್ತೆ ಏಳುವಂತಿರಲಿಲ್ಲ, ಮುಳ್ಳು ಬಿಡುವುದಿಲ್ಲ. "ತಮಾ, ಕಾಫಿ ಇಡು," ಅಂದಳು. ರಮಾನಂದ ಅಡಿಗೆಮನೆಗೆ ಹೋಗಿ ಒಲೆ ಊದತೊಡಗಿದ. ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ, ಪ್ರತಿ ಮಾತೂ ಕೇಳುತ್ತಿತ್ತು. ಅತ್ತೆ ಈಗ ಚರಿತ್ರೆ ಶುರುಮಾಡುತ್ತಾಳೆಂದು ಅವನಿಗೆ ಗೊತ್ತಿತ್ತು. ಹೋಗಿ ತಡೆಯಲೇ ಎಂದುಕೊಂಡ, ಹೋಗಲಿಲ್ಲ. ಉಳಿಸಿಕೊಳ್ಳುವ ಆಸೆ ಅವನಿಗೂ ಇತ್ತಲ್ಲ.

"ಹೊಸದು ಎಂತದೂ ಇಲ್ಲ. ಅದು ಸುಳ್ಳಾತು," ಅಂದಳು ಅತ್ತೆ. ಟಕ್ ಎಂದು ಗುಂಡಿಯ ಸದ್ದು. "ಚಿತ್ರ ತೆಗೆಯೂದು ನಾ ತಪ್ಪಿಸಿದೆ. ಈಗ ಮತ್ತೆ ಮೊದಲಿಂದ." ಟಕ್.

"ಹೌದಾ," ಅಂದ ದುರ್ಗಪ್ಪ.

"ಕುಮಟೆಲಿ ಮೆಟ್ರಿಕ್ ಮಾಡಿದ." ಟಕ್. "ಧಾರವಾಡಕ್ಕೆ ಹೋದ." ಟಕ್.

ಇಲ್ಲಿಂದ ಅವಳು ಯಾವಾಗಲೂ ಬಿ.ಎಸ್ಸಿ.ಗೆ ಹಾರುತ್ತಿದ್ದಳು. ಈ ಸಲ ಹಾರಲಿಲ್ಲ. ಮುಳ್ಳು ಎರಡು ಅಂಕಿ ದಾಟುವಷ್ಟು ಹೊತ್ತು ಸುಮ್ಮನಿದ್ದಳು.

"ಒಂದು ಸಲ ಫೇಲಾದ." ಟಕ್. "ಮತ್ತೊಂದು ಸಲ ಫೇಲಾದ." ಟಕ್. "ಆಮೇಲೆ ಒಂದು ವರ್ಷ ಜಗಲಿಲಿ ಕಂಬಕ್ಕೆ ಒರಗಿ ಕೂತಿದ್ದ. ಎಂತದೂ ಮಾಡ್ಲಿಲ್ಲ. ನಾ ಇದನ್ನೆಲ್ಲ ನಿಮಗೆ ಹೇಳಿರ್ಲಿಲ್ಲ." ಟಕ್.

ಅಡಿಗೆಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಸುರಿಯಿತು. ರಮಾನಂದ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತ. ನಾಚಿಕೆಯಾಯಿತು, ನಿಜ. ಅದಕ್ಕಿಂತ ಹೆಚ್ಚಾಗಿ, ಹೆಗಲ ಮೇಲಿದ್ದ ಅಕ್ಕಿಮೂಟೆ ಯಾರೋ ಇಳಿಸಿಕೊಂಡ ಹಾಗಾಯಿತು.

"ಈಗ ಎಂತ ಮಾಡ್ತಾನೆ?" ದುರ್ಗಪ್ಪ ಕೇಳಿದ.

"ಈಗ ಕಾಫಿ ಮಾಡ್ತಾನೆ. ಹಾಲು ಉಕ್ಕಿಸಿದ ಅನ್ನಿಸ್ತದೆ."

ರಮಾನಂದ ಉಳಿದ ಹಾಲಿನಲ್ಲಿ ಕಾಫಿ ಮಾಡಿ ತಂದಿಟ್ಟಾಗ ದುರ್ಗಪ್ಪ ಪಕ್ಕದ ಕೊಳವೆಗೆ ಕಣ್ಣಿಟ್ಟು ಬಗ್ಗಿದ್ದ. ಬಗ್ಗಿದವನು ಏಳಲೇ ಇಲ್ಲ.

"ಇದು ಎಂತದೂ ಮಾಡ್ತಾ ಇಲ್ಲಲ್ಲ," ಅಂದ ಕೊನೆಗೆ.

"ಕೂತದ್ದೂ ತೆಗೀಬೇಕಂತೆ. ಬಿಟ್ರೆ ಲೆಕ್ಕ ಸುಳ್ಳಾಗ್ತದಂತೆ." ಟಕ್.

ದುರ್ಗಪ್ಪ ಬೆಂಚಿಗೆ ಮರಳಿ ಕಾಫಿ ಎತ್ತಿಕೊಂಡ. ಒಂದು ಗುಟುಕು ಕುಡಿದು ಲೋಟದೊಳಗೇ ನೋಡುತ್ತ ಕೂತ. ಅತ್ತೆ ಎಷ್ಟೋ ಸಲ ಗುಂಡಿ ಒತ್ತಿದ ಮೇಲೆ ಅವನು ಬಾಯಿ ತೆರೆದ.

"ಗಂಗಾಗೆ ಭಟ್ಕಳದ ಬದಿಲಿ ಒಂದು ಕಡೆ ಮಾತಾಗಿತ್ತು. ದಿನ ನೋಡಿ ಆಗಿತ್ತು, ಅವರು ಬೇಡ ಅಂದ್ರು. ಅವಳು ಆ ವರ್ಷ ಇಡೀ ಮನೆ ಬಿಟ್ಟು ಹೊರಗೆ ಬರ್ಲಿಲ್ಲ." ಅವನು ಲೋಟ ಕೆಳಗಿಟ್ಟ. "ನಾವೂ ನಿಮಗೆ ಹೇಳಿರ್ಲಿಲ್ಲ."

ರಮಾನಂದನಿಗೆ ಪಾಯಸದ ಪಾತ್ರೆ ಹಿಡಿದು ತಲೆ ತಗ್ಗಿಸಿ ಬಂದ ಹುಡುಗಿ ನೆನಪಾದಳು. ಎಲೆಯ ಮೇಲೆ ಅಡ್ಡ ಹಿಡಿದ ತನ್ನ ಕೈಯೂ ನೆನಪಾಯಿತು. ಆ ಒಂದು ಸಾಕು ಅವಳಿಗೆ ಹೇಗೆ ಕೇಳಿಸಿತ್ತೋ ಎಂದು ಮೊದಲ ಸಲ ಅನ್ನಿಸಿತು.

ದುರ್ಗಪ್ಪ ಎದ್ದು ಕೊಡೆ ತೆಗೆದುಕೊಂಡ. "ಪರೀಕ್ಷೆ ಆದ ಮೇಲೆ ಒಂದು ಸಲ ಹೊನ್ನಾವರಕ್ಕೆ ಬನ್ನಿ. ಪಾಸಾದ್ರೂ ಬನ್ನಿ, ಫೇಲಾದ್ರೂ ಬನ್ನಿ. ಹುಡುಗನ ವರ್ಷ ಅವಳೂ ಕೇಳ್ಲಿ, ಅವಳ ವರ್ಷ ಹುಡುಗನೂ ಕೇಳ್ಲಿ." ಬಾಗಿಲ ತನಕ ಹೋದವನು ತಿರುಗಿ ರಮಾನಂದನ ಮುಖ ನೋಡಿದ. "ಕಾಫಿಗೆ ಸಕ್ಕರೆ ಹಾಕಿಲ್ಲ ನೀನು."

ರಮಾನಂದ ಸಕ್ಕರೆ ತರಲು ಓಡಿದ. ಡಬ್ಬಿ ಹುಡುಕಿ ತರುವಷ್ಟರಲ್ಲಿ ದುರ್ಗಪ್ಪ ಅಂಗಳ ದಾಟಿದ್ದ. ಒಳಗೆ ಅತ್ತೆ ಟೈಂಪೀಸಿನಿಂದ ಕಣ್ಣು ತೆಗೆಯದೆ ಗುಂಡಿ ಒತ್ತುತ್ತಿದ್ದಳು, ಅಮೀಬಾ ಕೂತಲ್ಲೇ ಕೂತಿತ್ತು. ಅವನು ಸಕ್ಕರೆ ಡಬ್ಬಿ ಹಿಡಿದುಕೊಂಡೇ ಅವಳ ಪಕ್ಕದಲ್ಲಿ ಕೂತ.